ಸಿಂಹ, ಲಂಗರು ಇದ್ದರೆ ಇಂಗ್ಲೆಂಡ್ ಬೆಳ್ಳಿ ಅಂದುಕೊಳ್ಳಬೇಡಿ

ನಮ್ಮ ಬೆಳಗಾವಿ ಕ್ಯಾಂಪ್ ಕಡೆಯ ಹಳೇ ಮನೆಗಳಿಂದ ಬೆಳ್ಳಿ ಚಮಚ, ತಟ್ಟೆ ಮಾರಾಟಕ್ಕೆ ಬರುತ್ತವೆ. ಸಿಂಹ, ಲಂಗರಿನ ಗುರುತು ಕಂಡರೆ ಸಾಕು, ಎಲ್ಲರೂ ಇಂಗ್ಲೆಂಡ್ ಅಂತಾರೆ. ಸ್ವಲ್ಪ ತಡೀರಿ, ಭೂತಗನ್ನಡಿ ಹಿಡಿದು ನೋಡಿ.

ಇಂಗ್ಲೆಂಡಿನ ಗುರುತಲ್ಲಿ ಸಿಂಹ ಎಡಕ್ಕೆ ನಡೆಯುತ್ತದೆ. ಅದರರ್ಥ 92.5 ಶೇಕಡಾ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾಗಿದೆ ಅಂತ ಹೇಳುತ್ತದೆ, ಹಡಗಿಗೂ ಅದಕ್ಕೂ ಸಂಬಂಧವಿಲ್ಲ. ಜೊತೆಗೆ ವರ್ಷ ತಿಳಿಸುವ ಒಂದು ಅಕ್ಷರ, ತಯಾರಕರ ಇನಿಷಿಯಲ್ಸ್ ಬೇರೆ ಬೇರೆ ಚೌಕಟ್ಟಲ್ಲಿ ಇರುತ್ತವೆ. ರಾಣಿಯ ತಲೆಯೂ ಇದ್ದರೆ ಸಾಮಾನ್ಯವಾಗಿ 1890ಕ್ಕಿಂತ ಹಿಂದಿನದು, ಯಾಕಂದ್ರೆ ಅದು ತೆರಿಗೆ ಕಟ್ಟಿದ ಗುರುತು.

ಈಗ ಮುಖ್ಯ ವಿಷಯ. ಅಮೆರಿಕದ ಗೋರಮ್ ಕಂಪನಿಯೂ ಸಿಂಹ, ಲಂಗರು ಹಾಕುತ್ತಿತ್ತು! ಆದರೆ ಮೂರನೇ ಗುರುತು ಯಾವಾಗಲೂ ಹಳೇ ಶೈಲಿಯ 'ಜಿ' ಅಕ್ಷರ, ಸಿಂಹದ ಮುಖ ಸಾಮಾನ್ಯವಾಗಿ ಬಲಕ್ಕೆ, ಪಕ್ಕದಲ್ಲಿ 'ಸ್ಟರ್ಲಿಂಗ್' ಅಂತ ಪೂರ್ತಿ ಪದ ಇರಬಹುದು. ಅಲ್ಲಿ ಸರ್ಕಾರಿ ಪರೀಕ್ಷಾ ಕಚೇರಿ ಇರಲಿಲ್ಲ, ಹಾಗಾಗಿ ಅದು ಕಂಪನಿಯದೇ ಗುರುತು, ಹಾಲ್‌ಮಾರ್ಕ್ ಅಲ್ಲ.

ಚಮಚದ ಹಿಂದೆ 'ಇಪಿಎನ್‌ಎಸ್' ನಾಲ್ಕು ಅಕ್ಷರ ಒಂದೊಂದು ಪುಟ್ಟ ಚೌಕಟ್ಟಲ್ಲಿದ್ದರೆ ದುಡ್ಡು ಕೊಡಬೇಡಿ, ಅದು ಬೆಳ್ಳಿ ಲೇಪನ ಅಷ್ಟೇ. ತುಂಬಾ ಉಜ್ಜಿ ಸಿಂಹ ಸವೆದಿದ್ದರೆ ದಿಕ್ಕು ಗೊತ್ತಾಗಲ್ಲ, ಆಗ ಮೂರನೇ ಗುರುತನ್ನೇ ನಂಬಿ. ಮೊಬೈಲ್ ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸವೆದ ಗೆರೆಗಳೂ ಚೆನ್ನಾಗಿ ಕಾಣಿಸುತ್ತವೆ.