ಹನ್ನೆರಡು ತಿಂಗಳ ಮಾರಾಟ, ಒಂದು ಪ್ಯಾರಾ

ಮಾರಾಟದ ಶೀಟ್ ನೋಡಿ ಅದರಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆದುಕೊಡುವುದು ನನ್ನ ಕೆಲಸದ ಒಂದು ಭಾಗ. ಶಾಖೆಗಳವರು ಎಕ್ಸೆಲ್ ಫೈಲ್ ಅಪ್‌ಲೋಡ್ ಮಾಡುತ್ತಾರೆ. ಮೇಲಿನವರಿಗೆ ಅದನ್ನು ತೆರೆದು ನೋಡುವಷ್ಟು ಪುರುಸೊತ್ತಿಲ್ಲ, ನಾಲ್ಕೈದು ಸಾಲು ಕೊಟ್ಟರೆ ಸಾಕು. ಇತ್ತೀಚೆಗೆ ಬಂದ ಒಂದು ಶೀಟನ್ನೇ ಇಟ್ಟುಕೊಂಡು ಆ ಸಾಲುಗಳಿಗೆ ಹೇಗೆ ಬರುತ್ತೇನೆ ಅಂತ ಹೇಳುತ್ತೇನೆ.

ಶೀಟ್‌ನಲ್ಲಿದ್ದದ್ದು ಒಂದು ವಸ್ತುವಿನ ಮಾರಾಟ, ಪೀಸ್ ಲೆಕ್ಕದಲ್ಲಿ. ಜನವರಿಯಿಂದ ಡಿಸೆಂಬರ್‌ವರೆಗೆ ಕ್ರಮವಾಗಿ 412, 398, 421, 430, 418, 441, 436, 702, 449, 431, 458, 464. ಕೊನೆಯಲ್ಲಿ 'ಒಟ್ಟು' ಅಂತ ಒಂದು ಸಾಲು, ಅದರಲ್ಲಿ 5,029.

ನಾನು ಮೊದಲು ಮುಟ್ಟುವುದು ಈ ಒಟ್ಟನ್ನೇ. ಅದನ್ನು ನೋಡಿ ಹಾಗೇ ಬರೆದುಕೊಳ್ಳುವುದಿಲ್ಲ, ತಿಂಗಳುಗಳನ್ನು ಬೇರೆಯಾಗಿ ಕೂಡಿಸುತ್ತೇನೆ. ಕೂಡಿಸಿದರೆ 5,460 ಬಂತು. ವ್ಯತ್ಯಾಸ 431. ಈ ಸಂಖ್ಯೆಯನ್ನು ಮೇಲೆ ಎಲ್ಲೋ ನೋಡಿದ್ದೀವಿ, ಅಲ್ವಾ? ಅದು ಅಕ್ಟೋಬರ್‌ನ ಮಾರಾಟ. ಒಟ್ಟಿನ ವ್ಯತ್ಯಾಸ ಒಂದು ತಿಂಗಳ ಅಂಕಿಗೆ ಸರಿಯಾಗಿ ಹೊಂದಿದರೆ ಆ ತಿಂಗಳು ಲೆಕ್ಕದಿಂದ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಲು ಇಷ್ಟು ಸಾಕು:

```
=COUNT(B2:B13)
=COUNTA(B2:B13)
```

ಮೊದಲನೆಯದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿ ಇಲ್ಲದ ಎಲ್ಲ ಸೆಲ್‌ಗಳನ್ನೂ ಎಣಿಸುತ್ತದೆ. ಇಲ್ಲಿ 11 ಮತ್ತು 12 ಬಂತು. ಅಕ್ಟೋಬರ್‌ನ ಅಂಕಿ ಎಲ್ಲಿಂದಲೋ ಕಾಪಿ ಆಗಿ ಬಂದಿದ್ದು, ಹಿಂದೆ ಒಂದು ಸ್ಪೇಸ್ ಅಂಟಿಕೊಂಡಿತ್ತು. ನೋಡುವವರ ಕಣ್ಣಿಗೆ ಅದು ಸಂಖ್ಯೆ, ಎಕ್ಸೆಲ್‌ಗೆ ಬರೀ ಅಕ್ಷರ. SUM ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆ ಸ್ಪೇಸ್ ತೆಗೆದು ಅದನ್ನು ಸಂಖ್ಯೆ ಮಾಡಿಕೊಂಡೇ ಮುಂದಿನ ಲೆಕ್ಕಕ್ಕೆ ಹೋದೆ. ಇದರ ತದ್ವಿರುದ್ಧ ತೊಂದರೆಯೂ ಇದೆ. ಕಾಲಂ ಪೂರ್ತಿ ಆಯ್ಕೆ ಮಾಡಿ ಕೂಡಿಸಿದರೆ 'ಒಟ್ಟು' ಸಾಲೂ ಸೇರಿಕೊಂಡು ಮೊತ್ತ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಸರಾಸರಿಯನ್ನು ಒಮ್ಮೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಇನ್ನು ಸರಾಸರಿ. 5,460ನ್ನು 12ರಿಂದ ಭಾಗಿಸಿದರೆ 455. 'ತಿಂಗಳಿಗೆ ಸರಾಸರಿ 455 ಪೀಸ್' ಅಂತ ಬರೆದರೆ ಲೆಕ್ಕ ತಪ್ಪಲ್ಲ, ಆದರೆ ಓದುವವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಹನ್ನೆರಡರಲ್ಲಿ ಒಂಬತ್ತು ತಿಂಗಳು ಆ ಸರಾಸರಿಗಿಂತ ಕೆಳಗಿವೆ. ಆಗಸ್ಟ್‌ನ 702 ಒಂದೇ ಸರಾಸರಿಯನ್ನು ಮೇಲೆ ಎಳೆದಿದೆ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನು ತೆಗೆದರೆ, ಅಂದರೆ ಮೀಡಿಯನ್ ನೋಡಿದರೆ, ಸುಮಾರು 434. ಸಾಧಾರಣ ತಿಂಗಳು ಹೇಗಿರುತ್ತದೆ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

702 ಎದ್ದು ಕಾಣುತ್ತದೆ, ಅದಕ್ಕೆ ಸೂತ್ರ ಯಾಕೆ ಅಂತ ಅನ್ನಿಸಬಹುದು. ನನಗೆ ಸೂತ್ರ ಬೇಕಾಗಿದ್ದು ಫೆಬ್ರವರಿಯ 398ರ ಸಲುವಾಗಿ. ಅದೂ ಗುಂಪಿನಿಂದ ಹೊರಗಿದೆಯಾ, ಇಲ್ವಾ? ತುಂಬಾ ಜನ ಇಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ, ತೆಗೆದು, ಸರಾಸರಿಯಿಂದ ಅದರ ಮೂರು ಪಟ್ಟು ದೂರ ಇದ್ದರೆ ಮಾತ್ರ ಔಟ್‌ಲೈಯರ್ ಅನ್ನುತ್ತಾರೆ. ಕಡಿಮೆ ಅಂಕಿಗಳಿದ್ದಾಗ ನನಗೆ ಅದರ ಮೇಲೆ ನಂಬಿಕೆ ಇಲ್ಲ. ದೊಡ್ಡ ಅಂಕಿ ತಾನೇ ಡೀವಿಯೇಷನ್ನನ್ನೂ ಹಿಗ್ಗಿಸಿಬಿಡುತ್ತದೆ. ಇಲ್ಲಿ 702 ಕೂಡ 3.1 ಪಟ್ಟು ದೂರದಲ್ಲಿದೆ ಅಷ್ಟೆ, ಕೂದಲೆಳೆಯಲ್ಲಿ ಪಾಸು. ಹತ್ತೇ ತಿಂಗಳ ಶೀಟ್ ಇದ್ದರೆ ಎಷ್ಟೇ ವಿಪರೀತದ ಅಂಕಿಯೂ ಮೂರು ಪಟ್ಟು ದಾಟುವುದಿಲ್ಲ, ಗಣಿತವೇ ಬಿಡುವುದಿಲ್ಲ.

ಹಾಗಾಗಿ ನಾನು ಕ್ವಾರ್ಟೈಲ್, ಅಂದರೆ ಜೋಡಿಸಿದ ಅಂಕಿಗಳನ್ನು ನಾಲ್ಕು ಪಾಲು ಮಾಡುವ ಗಡಿಗಳನ್ನು, ಬಳಸುತ್ತೇನೆ:

```
=QUARTILE.INC(B2:B13,1)
=QUARTILE.INC(B2:B13,3)
```

ಇಲ್ಲಿ 420.25 ಮತ್ತು 451.25 ಬಂತು. ಅಂದರೆ ಮಧ್ಯದ ಅರ್ಧದಷ್ಟು ತಿಂಗಳುಗಳು ಈ ಎರಡರ ನಡುವೆ ಇವೆ, ಅಂತರ 31. ಆ ಅಂತರದ ಒಂದೂವರೆ ಪಟ್ಟನ್ನು ಮೇಲಕ್ಕೂ ಕೆಳಕ್ಕೂ ಬಿಟ್ಟರೆ ಬೇಲಿ ಸುಮಾರು 374ರಿಂದ 498. ಆಗಸ್ಟ್ ಬೇಲಿ ಹಾರಿದೆ. ಫೆಬ್ರವರಿ ಒಳಗೇ ಇದೆ. ಫೆಬ್ರವರಿಗೆ ಇನ್ನೊಂದು ಮಾತೂ ಇದೆ: ಅದಕ್ಕೆ 28 ದಿನ. ದಿನದ ಲೆಕ್ಕ ಹಾಕಿದರೆ ಜನವರಿಯಲ್ಲಿ 13.3, ಫೆಬ್ರವರಿಯಲ್ಲಿ 14.2, ಮಾರ್ಚ್‌ನಲ್ಲಿ 13.6. 'ಫೆಬ್ರವರಿಯಲ್ಲಿ ಮಾರಾಟ ಕುಸಿಯಿತು' ಅಂತ ಬರೆಯುವ ತಿಂಗಳಿನಲ್ಲೇ ದಿನಕ್ಕೆ ಜಾಸ್ತಿ ಮಾರಾಟ ಆಗಿದೆ!

ಬೇಲಿ ಹಾರಿದ ಅಂಕಿಯನ್ನು ಸುಮ್ನೆ ಅಳಿಸಿಹಾಕುವುದಿಲ್ಲ. ಅದು ಎಲ್ಲಿಂದ ಬಂತು ಅಂತ ಹುಡುಕುತ್ತೇನೆ. ಒಂದೇ ಬಿಲ್ ಎರಡು ಸಲ ಹತ್ತಿರಬಹುದು, ಟೈಪ್ ಮಾಡುವಾಗ ಅಂಕೆ ಅದಲುಬದಲಾಗಿರಬಹುದು, ನಿಜವಾಗಿಯೂ ಮಾರಿರಬಹುದು. ಆಗಸ್ಟ್‌ನ ಬಿಲ್ ಪಟ್ಟಿ ತರಿಸಿ ನೋಡಿದರೆ ಒಬ್ಬರೇ ಗಿರಾಕಿ 260 ಪೀಸ್ ಒಟ್ಟಿಗೆ ಕೊಂಡಿದ್ದರು. ಅದನ್ನು ಬಿಟ್ಟರೆ ಉಳಿದದ್ದು 442, ಅಕ್ಕಪಕ್ಕದ ತಿಂಗಳುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಈ 260 ನಿಜವಾದ ಮಾರಾಟ. ಆದ್ದರಿಂದ ಒಟ್ಟಿನಲ್ಲಿ ಇರಲೇಬೇಕು. ಏರಿಳಿತದ ಮಾತು ಬಂದಾಗ ಮಾತ್ರ ಪಕ್ಕಕ್ಕೆ.

ಪಕ್ಕಕ್ಕಿಡದಿದ್ದರೆ ಏನಾಗುತ್ತದೆ ನೋಡಿ. ಮೊದಲ ಆರು ತಿಂಗಳ ಸರಾಸರಿ 420, ನಂತರದ ಆರು ತಿಂಗಳದ್ದು 490. ಶೇಕಡಾ 17ರಷ್ಟು ಏರಿಕೆ ಅಂತ ಎಲ್ಲರೂ ಖುಷಿಪಡಬಹುದು. ಆಗಸ್ಟ್‌ಗೆ 442 ಇಟ್ಟು ನೋಡಿದರೆ ನಂತರದ ಸರಾಸರಿ 447, ಏರಿಕೆ ಶೇಕಡಾ 6ರ ಆಸುಪಾಸು. ಅರ್ಧಕ್ಕಿಂತ ಹೆಚ್ಚು 'ಬೆಳವಣಿಗೆ' ಒಂದೇ ಆರ್ಡರ್‌ನಿಂದ ಬಂದದ್ದು.

ಏರಿಕೆಯನ್ನು ಯಾವ ಪದದಲ್ಲಿ ಹೇಳುತ್ತೇವೆ ಅನ್ನುವುದಕ್ಕೂ ಲೆಕ್ಕ ಇದೆ. 'ಸತತವಾಗಿ ಏರಿದೆ' ಅಂತ ಬರೆಯಲು ಕೈ ತುಡಿಯುತ್ತದೆ. ಆದರೆ ದೊಡ್ಡ ಆರ್ಡರ್ ತೆಗೆದ ಮೇಲೆ ಹಿಂದಿನ ತಿಂಗಳ ಜೊತೆ ಹೋಲಿಸಿದ 11 ಸಲದಲ್ಲಿ 4 ಸಲ ಮಾರಾಟ ಇಳಿದಿದೆ. ಹಾಗಾಗಿ 'ನಿಧಾನವಾಗಿ, ನಡುನಡುವೆ ಸಣ್ಣ ಇಳಿತಗಳೊಂದಿಗೆ ಏರಿದೆ' ಅನ್ನುವುದೇ ಸರಿ. ವರ್ಷದ ಕೊನೆಯಲ್ಲಿ ಮಾರಾಟ ಜಾಸ್ತಿಯಾಗಿದ್ದು ಸೀಸನ್ನಿನಿಂದಲಾ ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಅದಕ್ಕೆ ಕನಿಷ್ಠ ಎರಡು ಮೂರು ವರ್ಷದ ಶೀಟ್ ಬೇಕು.

ಕೊನೆಗೆ ಕಳಿಸಿದ ಪ್ಯಾರಾ ಇದು:

'ವರ್ಷದ ಒಟ್ಟು ಮಾರಾಟ 5,460 ಪೀಸ್. (ಶೀಟ್‌ನಲ್ಲಿ 5,029 ಎಂದಿತ್ತು. ಅಕ್ಟೋಬರ್‌ನ 431 ಅದರಲ್ಲಿ ಸೇರಿರಲಿಲ್ಲ.) ಸಾಧಾರಣ ತಿಂಗಳ ಮಾರಾಟ 434ರ ಹತ್ತಿರ. ಆಗಸ್ಟ್‌ನ 702ರಲ್ಲಿ 260 ಒಬ್ಬರೇ ಗಿರಾಕಿಯ ಒಂದು ಆರ್ಡರ್. ಅದನ್ನು ಬಿಟ್ಟು ನೋಡಿದರೆ ಮಾರಾಟ ನಿಧಾನವಾಗಿ ಏರಿದ್ದು, ನಂತರದ ಆರು ತಿಂಗಳು ಮೊದಲ ಆರು ತಿಂಗಳಿಗಿಂತ ಶೇಕಡಾ 6ರಷ್ಟು ಮೇಲಿದೆ.'

ಶೀಟ್‌ನಲ್ಲಿ ಆಗಸ್ಟ್‌ನ ಸೆಲ್‌ಗೂ 260ರ ಬಗ್ಗೆ ಒಂದು ಕಾಮೆಂಟ್ ಹಾಕಿಟ್ಟೆ. ಮುಂದಿನ ವರ್ಷ ಅದೇ ತಿಂಗಳು 470 ಬಂದರೂ 702ರ ಪಕ್ಕದಲ್ಲಿ ಅದು ದೊಡ್ಡ ಕುಸಿತದ ಹಾಗೆ ಕಾಣುತ್ತದೆ. ಆಗ ಆ ಶೀಟ್ ನೋಡುವವರು ನಾನೇ ಆಗಿರುತ್ತೇನೆ ಅಂತೇನಿಲ್ಲವಲ್ಲ.