‘ಹೂಮ್’ ಎಲ್ಲಿ ಬೇಕೇ ಬೇಕು: ಒಬ್ಬ ಭಾಷಾಂತರಕಾರನ ಅನುಭವ

ರಾಯಚೂರಿನ ನ್ಯಾಯಾಲಯದ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಕುಳಿತು ನಾನು ಭಾಷಾಂತರ ಮಾಡುತ್ತೇನೆ. ಸಾಕ್ಷಿಗಳ ಹೇಳಿಕೆ, ಪಂಚನಾಮೆ, ವಾಟ್ನಿ ಪತ್ರ, ಕೈಬರಹದ ಕರಾರು, ಇವೆಲ್ಲ ಕನ್ನಡದಲ್ಲಿರುತ್ತವೆ. ಪ್ರಕರಣ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುವಾಗ ಅವುಗಳ ಇಂಗ್ಲಿಷ್ ಪ್ರತಿ ಬೇಕಾಗುತ್ತದೆ. ಆ ಪ್ರತಿಯಲ್ಲಿ ನನ್ನನ್ನು ಬಹಳ ವರ್ಷ ಕಾಡಿದ್ದು ದೊಡ್ಡ ಕಾನೂನು ಪದಗಳಲ್ಲ. ‘ಹೂ’ ಬರೆಯಬೇಕೋ ‘ಹೂಮ್’ ಬರೆಯಬೇಕೋ ಎಂಬ ಒಂದೇ ಪ್ರಶ್ನೆ.

ಶಾಲೆಯಲ್ಲಿ ಕಲಿತದ್ದು ಸರಳವಾಗಿತ್ತು: ‘ಹೂ’ ಎಂದರೆ ಯಾರು, ‘ಹೂಮ್’ ಎಂದರೆ ಯಾರನ್ನು ಅಥವಾ ಯಾರಿಗೆ. ಅದನ್ನೇ ನಂಬಿಕೊಂಡು ಕೆಲಸಕ್ಕೆ ಬಂದೆ. ಕೆಲಸ ಕಲಿಸಿದ ಹಿರಿಯ ಟೈಪಿಸ್ಟರು ಇನ್ನೊಂದು ಉಪಾಯ ಹೇಳಿಕೊಟ್ಟರು: ಆ ಪದವನ್ನು ತೆಗೆದುಹಾಕಿದರೂ ವಾಕ್ಯ ನಿಲ್ಲುತ್ತದೆಯೇ ನೋಡು, ನಿಂತರೆ ಅಲ್ಲಿ ಬೇಕಾದದ್ದು ‘ಹೂಮ್’. ‘ದಿ ಮ್ಯಾನ್ ಹೂಮ್ ಐ ಮೆಟ್’ ಎಂಬುದರಲ್ಲಿ ‘ಹೂಮ್’ ಬಿಟ್ಟರೂ ‘ದಿ ಮ್ಯಾನ್ ಐ ಮೆಟ್’ ಸರಿಯಾಗಿಯೇ ಇರುತ್ತದೆ. ‘ದಿ ಮ್ಯಾನ್ ಹೂ ಮೆಟ್ ಮಿ’ ಎಂಬುದರಲ್ಲಿ ‘ಹೂ’ ತೆಗೆದರೆ ‘ದಿ ಮ್ಯಾನ್ ಮೆಟ್ ಮಿ’ ಎಂಬ ಬೇರೆಯೇ ವಾಕ್ಯವಾಗಿಬಿಡುತ್ತದೆ, ನನ್ನನ್ನು ಕಂಡ ಮನುಷ್ಯ ಎಂಬ ತುಂಡು ಬಿದ್ದುಹೋಗುತ್ತದೆ. ಒಳ್ಳೆಯ ಉಪಾಯ. ಹತ್ತರಲ್ಲಿ ಒಂಬತ್ತು ಸಲ ಇದು ನನ್ನನ್ನು ದಡ ಸೇರಿಸಿತು.

ಹತ್ತನೆಯದು ಒಂದು ಹೊಲದ ವ್ಯಾಜ್ಯದಲ್ಲಿ ಬಂತು. ಸಾಕ್ಷಿಯ ಹೇಳಿಕೆ ಹೀಗಿತ್ತು: “ವಾದಿಯು ತನ್ನ ಗೇಣಿದಾರನೆಂದು ಹೇಳುವ ವ್ಯಕ್ತಿಯನ್ನು ನಾನು ಆ ದಿನ ಹೊಲದಲ್ಲಿ ನೋಡಿದೆ.” ನಾನು ಹೀಗೆ ಬರೆದೆ: ‘ಐ ಸಾ ದಿ ಮ್ಯಾನ್ ಹೂಮ್ ದಿ ಪ್ಲೇಂಟಿಫ್ ಸೇಸ್ ಈಸ್ ಹಿಸ್ ಟೆನೆಂಟ್.’ ಬರೆಯುವಾಗ ಎಳ್ಳಷ್ಟೂ ಅನುಮಾನ ಬರಲಿಲ್ಲ. ಕನ್ನಡದಲ್ಲಿ ‘ವ್ಯಕ್ತಿಯನ್ನು’ ಎಂದು ದ್ವಿತೀಯಾ ವಿಭಕ್ತಿ ಕಣ್ಣೆದುರಿಗೇ ಇತ್ತು. ಟೈಪಿಸ್ಟರ ಉಪಾಯವೂ ಹೌದೆಂದಿತು. ‘ಹೂಮ್’ ತೆಗೆದರೆ ‘ದಿ ಮ್ಯಾನ್ ದಿ ಪ್ಲೇಂಟಿಫ್ ಸೇಸ್ ಈಸ್ ಹಿಸ್ ಟೆನೆಂಟ್’ ಎಂದು ವಾಕ್ಯ ಚೆನ್ನಾಗಿಯೇ ನಿಂತಿತು.

ಸಂಜೆ ವಕೀಲರು ಹಾಳೆ ಹಿಡಿದು ಬಂದರು. ಆ ಒಂದು ಪದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

“ತಮ್ಮಾ, ಈ ‘ಈಸ್’ ಎಂಬ ಕ್ರಿಯಾಪದಕ್ಕೆ ಕರ್ತೃ ಎಲ್ಲಿ?” ಎಂದು ಕೇಳಿದರು.

ನಾನು ‘ಪ್ಲೇಂಟಿಫ್’ ಕಡೆ ಬೆರಳು ತೋರಿಸಿದೆ.

“ಅವನು ‘ಸೇಸ್’ಗೆ ಕರ್ತೃ. ಹೇಳುವವನು ಅವನು. ಗೇಣಿದಾರ ಆಗಿರುವವನು ಯಾರು?”

ಉತ್ತರ ಅವರ ಪ್ರಶ್ನೆಯಲ್ಲಿಯೇ ಇತ್ತು. ‘ಯಾರು’. ಯಾರನ್ನು ಅಲ್ಲ. ‘ದಿ ಪ್ಲೇಂಟಿಫ್ ಸೇಸ್’ ಎಂಬುದು ನಡುವೆ ಬಂದು ಕುಳಿತ ಮಾತು. ಅದನ್ನು ಬೆರಳಿನಿಂದ ಮುಚ್ಚಿದರೆ ಉಳಿಯುವುದು ‘ದಿ ಮ್ಯಾನ್ ಹೂ ಈಸ್ ಹಿಸ್ ಟೆನೆಂಟ್’. ‘ಹೂಮ್ ಈಸ್ ಹಿಸ್ ಟೆನೆಂಟ್’ ಎಂದು ಯಾರೂ ಬರೆಯುವುದಿಲ್ಲ. ವಕೀಲರು ಹೋದ ಮೇಲೆ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ತುಂಬಾ ಹೊತ್ತು ಕುಳಿತೆ. ಎರಡು ಕಡೆಯಿಂದ ಖಚಿತವಾಗಿ ಕಂಡದ್ದು ತಪ್ಪಾಗಿದ್ದು ಹೇಗೆ ಎಂಬುದು ತಿಳಿಯದೆ ಮುಂದಿನ ಹಾಳೆ ಮುಟ್ಟಲು ಮನಸ್ಸಾಗಲಿಲ್ಲ.

ಮೊದಲನೆಯ ತಪ್ಪು ನಮ್ಮ ಭಾಷೆಯ ರಚನೆಯಿಂದ ಬಂದದ್ದು. ಕನ್ನಡದಲ್ಲಿ ಇಂತಹ ಕಡೆ ‘ಯಾರು’ ಎಂಬ ಪದವೇ ಬೇಕಾಗಿಲ್ಲ. ‘ಹೇಳುವ ವ್ಯಕ್ತಿ’, ‘ಕೊಟ್ಟ ವ್ಯಕ್ತಿ’ ಎಂದು ಕೃದಂತದಲ್ಲಿಯೇ ಮುಗಿಸುತ್ತೇವೆ. ‘ರಾಮಪ್ಪನಿಗೆ ಸಾಲ ಕೊಟ್ಟ ವ್ಯಕ್ತಿ’, ‘ರಾಮಪ್ಪ ಸಾಲ ಕೊಟ್ಟ ವ್ಯಕ್ತಿ’ ಎರಡರಲ್ಲೂ ‘ಕೊಟ್ಟ’ ಒಂದೇ. ಮೊದಲನೆಯವನು ಸಾಲ ಕೊಟ್ಟವನು, ಎರಡನೆಯವನು ಪಡೆದವನು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಹೂ’, ಎರಡನೆಯದಕ್ಕೆ ‘ಟು ಹೂಮ್’. ನಮ್ಮ ‘ವ್ಯಕ್ತಿ’ ಎಂಬ ಪದದ ತುದಿಗೆ ಅಂಟುವ ‘ಅನ್ನು’ ಅಥವಾ ‘ಗೆ’ ಹೊರಗಿನ ಕ್ರಿಯಾಪದಕ್ಕೆ ಸೇರಿದ್ದು. ‘ವ್ಯಕ್ತಿಯನ್ನು’ ಎಂದಿದ್ದು ‘ನೋಡಿದೆ’ ಎಂಬುದಕ್ಕಾಗಿ. ಅದು ಇಂಗ್ಲಿಷಿನಲ್ಲಿ ‘ದಿ ಮ್ಯಾನ್’ ಎಂಬಲ್ಲಿಗೇ ತೀರಿಹೋಯಿತು. ‘ಹೂ’ ಹುಟ್ಟುವುದು ಒಳಗಿನ ಉಪವಾಕ್ಯದಲ್ಲಿ, ಅದರ ರೂಪವನ್ನು ತೀರ್ಮಾನಿಸುವುದೂ ಆ ಉಪವಾಕ್ಯವೇ. ಹೊರಗಿನ ವಿಭಕ್ತಿಯನ್ನು ಒಳಗೆ ಹೊತ್ತುಕೊಂಡು ಹೋಗಿದ್ದೇ ನನ್ನ ತಪ್ಪು.

ಎರಡನೆಯದು ಉಪಾಯದ ತಪ್ಪು. ಪದ ತೆಗೆದು ನೋಡುವ ಪರೀಕ್ಷೆ ನೇರವಾದ ಉಪವಾಕ್ಯದಲ್ಲಿ ಮಾತ್ರ ನಂಬಿಕೆಗೆ ಅರ್ಹ. ‘ಹೇಳುತ್ತಾನೆ’, ‘ನಂಬುತ್ತೇವೆ’, ‘ತಿಳಿದಿದೆ’ ಎಂಬಂತಹ ಮಾತು ನಡುವೆ ಬಂದಾಗ ಇಂಗ್ಲಿಷ್ ಕರ್ತೃವಿನ ಸ್ಥಾನದಲ್ಲಿರುವ ‘ಹೂ’ವನ್ನೂ ಬಿಡಲು ಒಪ್ಪುತ್ತದೆ. ಪರೀಕ್ಷೆ ಸೋಲುವುದು ಅಲ್ಲಿಯೇ, ಜನ ಎಡವುವುದೂ ಅಲ್ಲಿಯೇ. ನಾನೊಬ್ಬನೇ ಅಲ್ಲ, ಚೆನ್ನಾಗಿ ಓದಿಕೊಂಡವರ ಬರಹದಲ್ಲೂ ಈ ‘ಹೂಮ್’ ಕಾಣುತ್ತದೆ, ಏಕೆಂದರೆ ಔಪಚಾರಿಕವಾಗಿ ಬರೆಯಬೇಕೆಂಬ ಎಚ್ಚರವೇ ಕೈಯನ್ನು ಅತ್ತ ಎಳೆಯುತ್ತದೆ.

ಅಂದಿನಿಂದ ನಾನು ಮಾಡುವುದು ಇಷ್ಟೇ. ಉಪವಾಕ್ಯದ ಪ್ರತಿಯೊಂದು ಪೂರ್ಣ ಕ್ರಿಯಾಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಪ್ರತಿಯೊಂದಕ್ಕೂ ಅದರ ಕರ್ತೃ ಯಾರೆಂದು ಗುರುತಿಸುತ್ತೇನೆ. ಯಾವುದಾದರೂ ಕ್ರಿಯಾಪದ ಕರ್ತೃವಿಲ್ಲದೆ ಉಳಿದರೆ ಅದರ ಕರ್ತೃ ‘ಹೂ’ವೇ. ಎಲ್ಲಕ್ಕೂ ಬೇರೆ ಬೇರೆ ಕರ್ತೃಗಳು ಸಿಕ್ಕಿಹೋದರೆ, ಆಗ ‘ಹೂಮ್’. ಆಮೇಲೆ ತಾಳೆ ನೋಡಲು ಖಾಲಿ ಜಾಗದಲ್ಲಿ ‘ಹಿ’ ಅಥವಾ ‘ಹಿಮ್’ ಇಟ್ಟು ಓದುತ್ತೇನೆ. ‘ದಿ ಪ್ಲೇಂಟಿಫ್ ಸೇಸ್ ಹಿ ಈಸ್ ಹಿಸ್ ಟೆನೆಂಟ್’ ಎಂದಾಗ ‘ಹಿ’ ಕೂರುತ್ತದೆ, ಆದ್ದರಿಂದ ‘ಹೂ’. ಅದೇ ಮಾತನ್ನು ‘ಸೇಸ್ ಈಸ್’ ಬದಲು ‘ಕಾಲ್ಸ್’ ಎಂದು ಬರೆದರೆ ಲೆಕ್ಕ ತಿರುಗುತ್ತದೆ: ‘ದಿ ಪ್ಲೇಂಟಿಫ್ ಕಾಲ್ಸ್ ಹಿಮ್ ಹಿಸ್ ಟೆನೆಂಟ್’. ಇಲ್ಲಿ ಇರುವ ಒಂದೇ ಕ್ರಿಯಾಪದ ‘ಕಾಲ್ಸ್’, ಅದರ ಕರ್ತೃ ವಾದಿ, ಆದ್ದರಿಂದ ‘ಹೂಮ್ ದಿ ಪ್ಲೇಂಟಿಫ್ ಕಾಲ್ಸ್ ಹಿಸ್ ಟೆನೆಂಟ್’. ‘ಬಿಲೀವ್ಸ್ ಟು ಬಿ’ ಎಂದರೂ ‘ಹೂಮ್’ ಆಗುತ್ತದೆ, ಏಕೆಂದರೆ ‘ಟು ಬಿ’ ಪೂರ್ಣ ಕ್ರಿಯಾಪದವಲ್ಲ. ಅದರ ಹಿಂದೆ ‘ಹಿಮ್’ ಬರುತ್ತದೆಯೇ ಹೊರತು ‘ಹಿ’ ಅಲ್ಲ. ಕನ್ನಡದಲ್ಲಿ ಈ ಮೂರಕ್ಕೂ ನನ್ನ ಎದುರಿಗಿದ್ದುದು ಒಂದೇ ವಾಕ್ಯ.

ಇದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು ನಮ್ಮ ‘ಯಾರಿಗೆ’. ಕನ್ನಡದಲ್ಲಿ ಗೊತ್ತಿರುವುದು, ಬೇಕಾಗುವುದು, ಸಿಗುವುದು, ಜ್ವರ ಬರುವುದು, ಇವೆಲ್ಲವೂ ‘ಗೆ’ ಹಚ್ಚಿಕೊಂಡೇ ಬರುತ್ತವೆ. ‘ಗಡಿ ಯಾರಿಗೆ ಗೊತ್ತಿದೆಯೋ ಆ ಸಾಕ್ಷಿ’ ಎಂಬುದನ್ನು ಓದಿದ ಕೂಡಲೇ ಮನಸ್ಸು ‘ಹೂಮ್’ ಎನ್ನುತ್ತದೆ. ಆದರೆ ಇಂಗ್ಲಿಷಿನ ‘ನೋ’ ಎಂಬ ಕ್ರಿಯಾಪದಕ್ಕೆ ತಿಳಿದವನೇ ಕರ್ತೃ, ಆದ್ದರಿಂದ ‘ಹೂ ನೋಸ್ ದಿ ಬೌಂಡರಿ’. ನೋಟಿಸಿನ ವಿಷಯದಲ್ಲಿ ಇದು ದಿನಾಲೂ ಎದುರಾಗುತ್ತದೆ. ‘ನೋಟಿಸ್ ಮುಟ್ಟಿದ ಪ್ರತಿವಾದಿ’ ಎಂಬುದನ್ನು ನಾನು ಮೂರು ರೀತಿ ಬರೆಯಬಹುದು. ‘ರಿಸೀವ್’ ಬಳಸಿದರೆ ಪ್ರತಿವಾದಿ ಕರ್ತೃ, ‘ಹೂ ರಿಸೀವ್ಡ್ ದಿ ನೋಟಿಸ್’. ‘ರೀಚ್’ ಬಳಸಿದರೆ ನೋಟಿಸೇ ಕರ್ತೃ, ‘ಹೂಮ್ ದಿ ನೋಟಿಸ್ ರೀಚ್ಡ್’. ‘ಸರ್ವ್’ ಬಳಸಿದರೆ ‘ಆನ್ ಹೂಮ್ ದಿ ನೋಟಿಸ್ ವಾಸ್ ಸರ್ವ್ಡ್’. ವಿಭಕ್ತಿಯನ್ನು ಕನ್ನಡದಿಂದ ತರುವಂತಿಲ್ಲ; ಮೊದಲು ಇಂಗ್ಲಿಷ್ ಕ್ರಿಯಾಪದವನ್ನು ಆರಿಸಬೇಕು, ಆಮೇಲೆ ಅದನ್ನು ಕೇಳಬೇಕು.

ಒಂದು ವಿಷಯ ತಿಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಹಳೆಯ ಇಂಗ್ಲಿಷಿನಲ್ಲಿ ಯಾರನ್ನು ಎನ್ನಲು ‘ಹ್ವೊನೆ’ ಎಂಬ ಬೇರೆಯೇ ರೂಪವಿತ್ತು. ಇಂದಿನ ‘ಹೂಮ್’ ಹುಟ್ಟಿದ್ದು ಯಾರಿಗೆ ಎಂಬರ್ಥದ ‘ಹ್ವಾಮ್’ ಎಂಬ ಚತುರ್ಥಿ ರೂಪದಿಂದ. ಮುಂದೆ ಅದು ‘ಯಾರನ್ನು’ ಎಂಬುದರ ಕೆಲಸವನ್ನೂ ವಹಿಸಿಕೊಂಡಿತು. ‘ಹಿಮ್’ ಕೂಡ ಹಾಗೆಯೇ ಬಂದದ್ದು. ಎರಡರ ಕೊನೆಯಲ್ಲೂ ‘ಮ್’ ಇರುವುದು ಆಕಸ್ಮಿಕವಲ್ಲ, ‘ಹಿಮ್’ ಇಟ್ಟು ತಾಳೆ ನೋಡುವ ವಿಧಾನವನ್ನು ನೆನಪಿಡಲೂ ಅದು ನೆರವಾಗುತ್ತದೆ.

ಹಾಗಾದರೆ ‘ಹೂಮ್’ ಬೇಕೇ ಬೇಕಾದ ಜಾಗ ಯಾವುದು? ‘ಟು’, ‘ಫ್ರಮ್’, ‘ಆಫ್’, ‘ಆನ್’ ಮುಂತಾದವು ಅದರ ಮುಂದೆಯೇ ಬಂದು ನಿಂತಾಗ. ‘ಫ್ರಮ್ ಹೂಮ್ ದಿ ಲ್ಯಾಂಡ್ ವಾಸ್ ಬಾಟ್’, ‘ಫೋರ್ ವಿಟ್ನೆಸಸ್, ಟೂ ಆಫ್ ಹೂಮ್ ಆರ್ ಡೆಡ್’ ಎಂಬಲ್ಲಿ ‘ಹೂ’ ಬರೆದರೆ ಓದುವವರ ಕಣ್ಣಿಗೆ ಕಲ್ಲು ಸಿಕ್ಕಂತಾಗುತ್ತದೆ. ಮಾತಿನಲ್ಲಿ ಆ ‘ಟು’, ‘ಫ್ರಮ್’ ವಾಕ್ಯದ ಕೊನೆಗೆ ಸರಿಯುತ್ತವೆ, ಆಗ ‘ಹೂ’ ಎಂದರೂ ಯಾರೂ ಆಕ್ಷೇಪಿಸುವುದಿಲ್ಲ. ಇಂದು ಪತ್ರಿಕೆಗಳ ಇಂಗ್ಲಿಷಿನಲ್ಲೂ ಅದು ನಡೆಯುತ್ತದೆ. ನ್ಯಾಯಾಲಯದ ಕಾಗದದಲ್ಲಿ ಮಾತ್ರ ನಾನು ‘ಹೂಮ್’ ಬಿಡುವುದಿಲ್ಲ. ಅಲ್ಪವಿರಾಮದ ನಂತರ ಬರುವ ಕರ್ಮದ ಜಾಗದಲ್ಲೂ ಹಾಗೆಯೇ: ‘ದಿ ಸರ್ವೇಯರ್, ಹೂಮ್ ದಿ ಕೋರ್ಟ್ ಅಪಾಯಿಂಟೆಡ್’. ಅಲ್ಲಿ ಪದವನ್ನು ಬಿಡಲು ಬರುವುದಿಲ್ಲ, ‘ದ್ಯಾಟ್’ ಹಾಕಿ ತಪ್ಪಿಸಿಕೊಳ್ಳಲೂ ಬರುವುದಿಲ್ಲ.

ಈ ‘ಟು’ ಕೂಡ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಪ್ರಮಾಣಪತ್ರಗಳ ನೆತ್ತಿಯ ಮೇಲೆ ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂದಿರುವುದನ್ನು ಎಲ್ಲರೂ ಕಂಡಿದ್ದೇವೆ. ‘ಟು’ ಇರುವುದರಿಂದ ‘ಹೂಮ್’ ಎಂದೇ ನಾನು ತಿಳಿದಿದ್ದೆ. ಕಳೆದ ತಿಂಗಳು ‘ದಾಖಲೆ ಯಾರ ವಶದಲ್ಲಿದೆಯೋ ಅವರಿಗೆ ಪತ್ರ ಬರೆಯಲಾಗಿದೆ’ ಎಂಬ ಸಾಲು ಬಂದಾಗ, ಆ ಶೀರ್ಷಿಕೆಯ ನೆನಪಿನಲ್ಲಿ ‘ಟು ಹೂಮೆವರ್ ಹೋಲ್ಡ್ಸ್ ದಿ ರೆಕಾರ್ಡ್’ ಎಂದು ಬೆರಳು ಟೈಪ್ ಮಾಡಿತ್ತು. ಪೆನ್ಸಿಲ್ ತೆಗೆದುಕೊಂಡೆ. ‘ಹೋಲ್ಡ್ಸ್’ ಎಂಬುದರ ಕೆಳಗೆ ಗೆರೆ ಎಳೆದು ಕರ್ತೃ ಹುಡುಕಿದರೆ ಬೇರೆ ಯಾರೂ ಇರಲಿಲ್ಲ. ಶೀರ್ಷಿಕೆಯಲ್ಲಿ ‘ಕನ್ಸರ್ನ್’ಗೆ ‘ಇಟ್’ ಎಂಬ ಕರ್ತೃವಿದೆ, ‘ಇಟ್ ಮೇ ಕನ್ಸರ್ನ್ ಹಿಮ್’; ಅಲ್ಲಿ ‘ಹೂಮ್’ ನಿಂತಿರುವುದು ‘ಕನ್ಸರ್ನ್’ ಬಲದಿಂದ. ನನ್ನ ಸಾಲಿನಲ್ಲಿ ‘ಟು’ವಿಗೆ ಸೇರಿದ್ದು ಇಡೀ ಉಪವಾಕ್ಯ, ಅದರ ಮೊದಲ ಪದ ಒಂದೇ ಅಲ್ಲ. ‘ಟು ಹೂಎವರ್ ಹೋಲ್ಡ್ಸ್ ದಿ ರೆಕಾರ್ಡ್’ ಎಂದು ತಿದ್ದಿ ಹಾಳೆಯನ್ನು ಮುದ್ರಣಕ್ಕೆ ಕೊಟ್ಟೆ.