ಒಂಬತ್ತು ಬಾರಿ ಹೋದ 299 ರೂಪಾಯಿ

ಜೂನ್ 28ರ ಸಂಜೆ ಧಾರವಾಡದಲ್ಲಿ ಸಣ್ಣ ಮಳೆ. ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ಗಿರಮಿಟ್ ತಿಂದು, 35 ರೂಪಾಯಿ ಕೊಡಲು ಕ್ಯೂಆರ್ ಸ್ಕ್ಯಾನ್ ಮಾಡಿದೆ. ಖಾತೆಯಲ್ಲಿ ಹಣವಿಲ್ಲ ಎಂದಿತು ಮೊಬೈಲ್. ಬಾಕಿ ನೋಡಿದರೆ 22 ರೂಪಾಯಿ. ನನ್ನ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಇರಬೇಕಿತ್ತು. ದುಡ್ಡು ಕೊಟ್ಟವಳು ನನ್ನ ಕೊಠಡಿಯ ಗೆಳತಿ.

ಅಪ್ಪ ಪ್ರತಿ ತಿಂಗಳ ಒಂದನೇ ತಾರೀಖು 3,000 ರೂಪಾಯಿ ಕಳುಹಿಸುತ್ತಾರೆ. ಹಾಸ್ಟೆಲ್ ಮತ್ತು ಮೆಸ್ ಶುಲ್ಕ ಬೇರೆ; ಇದು ಕೈಖರ್ಚಿನ ಹಣ. ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ, ಇನ್ನೊಬ್ಬರ ಕಂಪನಿಯ ಜಮಾಖರ್ಚು ಸರಿದೂಗಿಸುವುದು ಬರುತ್ತದೆ. ನನ್ನದೇ ಖಾತೆಯನ್ನು ಮಾತ್ರ ಒಮ್ಮೆಯೂ ಪೂರ್ತಿ ಓದಿರಲಿಲ್ಲ.

ಆ ರಾತ್ರಿ ಬ್ಯಾಂಕಿನ ಆ್ಯಪ್‌ನಿಂದ ಖಾತೆಯ ವಿವರಪಟ್ಟಿಯನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಂಡೆ. ಮೂರು ತಿಂಗಳದ್ದು ಸಾಕು ಎಂದುಕೊಂಡಿದ್ದೆ. ಆದರೆ ವರ್ಷಕ್ಕೊಮ್ಮೆ ಹೋಗುವ ಹಣ ಅದರಲ್ಲಿ ಸಿಗುವುದಿಲ್ಲ ಎಂದು ಹೊಳೆದು ಹದಿಮೂರು ತಿಂಗಳದ್ದು ತೆಗೆದೆ. ಈ ಒಂದು ನಿರ್ಧಾರ ಮುಂದೆ 599 ರೂಪಾಯಿ ಉಳಿಸಿತು.

ತಾರೀಖಿನ ಕ್ರಮದಲ್ಲಿ ಓದಿದರೆ ಏನೂ ತಿಳಿಯುವುದಿಲ್ಲ. ಚಹಾ, ಬಸ್, ಜೆರಾಕ್ಸ್ ಎಂದು ನೂರಾರು ಸಾಲುಗಳ ನಡುವೆ ಕಳ್ಳ ಸಾಲು ಅಡಗಿರುತ್ತದೆ. ಹಾಗಾಗಿ ಇಡೀ ಪಟ್ಟಿಯನ್ನು ಮೊತ್ತದ ಪ್ರಕಾರ ವಿಂಗಡಿಸಿದೆ. ಆಗ ಒಂದೇ ಮೊತ್ತದವು ಒಂದರ ಕೆಳಗೊಂದು ಬಂದು ನಿಂತವು. 299 ಒಂಬತ್ತು ಬಾರಿ, ಪ್ರತಿ ಸಲವೂ 27ನೇ ತಾರೀಖು. ಹಾಗೆಯೇ 149, 130 ಮತ್ತು 59. ಒಂಟಿಯಾಗಿ ಕಳೆದ ಆಗಸ್ಟ್‌ನ 599. ಊಟದ 50 ರೂಪಾಯಿ ಕೂಡ ಹತ್ತಾರು ಸಲ ಬಂದಿತ್ತು, ಆದರೆ ಅದಕ್ಕೆ ಗೊತ್ತಾದ ತಾರೀಖು ಎಂಬುದಿಲ್ಲ. ಮೊತ್ತವೂ ತಾರೀಖೂ ಎರಡೂ ಮರುಕಳಿಸಿದರೆ ಅದು ಚಂದಾ ಎಂದೇ ಹಿಡಿದೆ.

ತಿಂಗಳಿಗೆ ಒಟ್ಟು 637 ರೂಪಾಯಿ. ಅಪ್ಪ ಕಳುಹಿಸಿದ್ದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು.

59 ಸಂಗೀತದ ಆ್ಯಪ್‌ಗೆ, ಅದನ್ನು ದಿನವೂ ಕೇಳುತ್ತೇನೆ. 299 ಯಾವುದು? ವಿವರಪಟ್ಟಿಯಲ್ಲಿ ಇದ್ದದ್ದು ಕೇಳರಿಯದ ಕಂಪನಿಯ ಹೆಸರು. ಆ್ಯಪ್‌ಗೆ ಒಂದು ಹೆಸರು, ಹಣ ಪಡೆಯುವ ಕಂಪನಿಗೆ ಇನ್ನೊಂದು. ಮೊಬೈಲ್‌ನ ಎಸ್‌ಎಂಎಸ್ ಪೆಟ್ಟಿಗೆಯಲ್ಲಿ mandate ಎಂದು ಹುಡುಕಿದಾಗ ಸಂಗತಿ ಬಯಲಾಯಿತು. ದಸರಾ ರಜೆಯಲ್ಲಿ ಎರಡು ನಿಮಿಷದ ಕಂತುಗಳ ಧಾರಾವಾಹಿ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದೆ. ಮದುವೆ ಮಂಟಪದಲ್ಲಿ ನಾಯಕಿ ಬಾಯಿ ತೆರೆಯುವ ಹೊತ್ತಿಗೆ ಕಂತು ನಿಂತು, ಮುಂದೆ ನೋಡಲು ಒಂದು ರೂಪಾಯಿ ಕೇಳಿತು. ಯುಪಿಐ ಪಿನ್ ಒತ್ತಿದೆ. ಆ ಪಿನ್ ಒಂದು ರೂಪಾಯಿಗಷ್ಟೇ ಅಲ್ಲ, ಮುಂದೆ ತಿಂಗಳು ತಿಂಗಳೂ ಹಣ ತೆಗೆಯಲು ಕೊಟ್ಟ ಒಪ್ಪಿಗೆಯೂ ಆಗಿತ್ತು. ನಾಯಕಿ ಏನು ಹೇಳಿದಳೋ ಈಗ ನೆನಪಿಲ್ಲ, ಅದಕ್ಕೆ ಕೊಟ್ಟದ್ದು ಮಾತ್ರ 2,691 ರೂಪಾಯಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಬಂದಿತ್ತು ಕೂಡ, ಪ್ರತಿ ತಿಂಗಳೂ. ಜಾಹೀರಾತಿನ ಸಂದೇಶಗಳ ಕಾಟಕ್ಕೆ ನಾನು ಎಸ್‌ಎಂಎಸ್ ಸದ್ದನ್ನೇ ಅಡಗಿಸಿದ್ದೆ.

"ಆ ಆ್ಯಪ್ ಅನ್ನು ನವೆಂಬರ್‌ನಲ್ಲೇ ಅಳಿಸಿದ್ದೇನಲ್ಲ?" ಎಂದೆ.

"ಪೇಪರ್ ಹಾಕುವವನಿಗೆ ಹೇಳದೆ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದರೆ ಪೇಪರ್ ನಿಲ್ಲುತ್ತದೆಯೇನೇ?" ಎಂದಳು ಗೆಳತಿ.

ನಿಲ್ಲಿಸಲು ಹೋದಾಗ ನಿಜವಾದ ಪೇಚು ಶುರುವಾಯಿತು. ನಾನು ಬಳಸುವ ಯುಪಿಐ ಆ್ಯಪ್‌ನಲ್ಲಿ Autopay ಎಂಬ ವಿಭಾಗ ತೆರೆದೆ. ಸಂಗೀತದ 59 ಇತ್ತು, ಗೂಗಲ್ ಪ್ಲೇ ಹೆಸರಿನವು ಇದ್ದವು. 299ರ ಸುಳಿವೇ ಇಲ್ಲ. ಅರ್ಧ ಗಂಟೆ ತಡಕಾಡಿದ ಮೇಲೆ ನೆನಪಾಯಿತು: ದಸರಾ ಹೊತ್ತಿಗೆ ನನ್ನಲ್ಲಿದ್ದದ್ದು ಬೇರೆ ಯುಪಿಐ ಆ್ಯಪ್. ಒಪ್ಪಿಗೆ ಕೊಟ್ಟದ್ದು ಅಲ್ಲಿನ ಯುಪಿಐ ಐಡಿಯಿಂದ. ಆ್ಯಪ್ ಬದಲಿಸಿದೆ, ಆದರೆ ಹಳೆಯ ಐಡಿಗೆ ಅಂಟಿದ ಒಪ್ಪಿಗೆ ಬ್ಯಾಂಕ್ ಖಾತೆಯ ಮೇಲೆ ಹಾಗೆಯೇ ಉಳಿದಿತ್ತು. ಹಳೆಯದನ್ನು ಮತ್ತೆ ಹಾಕಿಕೊಂಡು, ಅದೇ ಸಿಮ್‌ನಿಂದ ನೋಂದಾಯಿಸಿದಾಗ ಪಟ್ಟಿಯಲ್ಲಿ ಅದು ಕಂಡಿತು. ಮುಂದಿನ ಕಡಿತ ಜುಲೈ 27.

ಅಲ್ಲಿ Pause, Revoke ಎಂದು ಎರಡು ಗುಂಡಿಗಳಿದ್ದವು. ಮೊದಲನೆಯದು ಕೆಲಕಾಲಕ್ಕೆ ತಡೆಯುತ್ತದೆ ಅಷ್ಟೇ. ಎರಡನೆಯದನ್ನು ಒತ್ತಿ ಪಿನ್ ಹಾಕಿದೆ. ರದ್ದಾದ ಸಂದೇಶ ಬಂತು. ಧಾರಾವಾಹಿಯ ಆ್ಯಪ್‌ನವರಿಗೆ ಹಣ ಹಿಂದಿರುಗಿಸಿ ಎಂದು ಇಮೇಲ್ ಬರೆದೆ, ಉತ್ತರ ಬರಲಿಲ್ಲ.

ಗೂಗಲ್ ಪ್ಲೇ ಮೂಲಕ ತೆಗೆದುಕೊಂಡವನ್ನು ಯುಪಿಐ ಕಡೆಯಿಂದ ಕತ್ತರಿಸಲಿಲ್ಲ. ಹಾಗೆ ಮಾಡಿದರೆ ಹಣದ ದಾರಿ ಮುಚ್ಚುತ್ತದೆ, ಚಂದಾ ಮಾತ್ರ ಬಾಕಿ ಕೊಡಿ ಎಂದು ಕಾಡುತ್ತಿರುತ್ತದೆ. ಪ್ಲೇ ಸ್ಟೋರ್‌ನಲ್ಲಿ ನಮ್ಮ ಚಿತ್ರದ ಮೇಲೆ ಒತ್ತಿ Payments & subscriptions ಒಳಗೆ ಹೋದರೆ ಎಲ್ಲವೂ ಸಾಲಾಗಿ ಸಿಗುತ್ತವೆ. 149 ಫೋಟೊ ತಿದ್ದುವ ಆ್ಯಪ್. ಅಕ್ಕನ ಮದುವೆಯ ಫೋಟೊಗಳಿಗೆಂದು ತೆಗೆದುಕೊಂಡದ್ದು, ಅಕ್ಕನಿಗೆ ಈಗ ಮಗು ಆಗಿದೆ. ಅಲ್ಲೇ ರದ್ದು ಮಾಡಿದೆ. ಕೊಟ್ಟ ಹಣದ ಅವಧಿ ಮುಗಿಯುವವರೆಗೆ ಅದು ಕೆಲಸ ಮಾಡುತ್ತದೆಯಾದ್ದರಿಂದ ಕೊನೆಯ ದಿನಕ್ಕೆ ಕಾಯುವ ಅಗತ್ಯವಿಲ್ಲ.

130ರ ಕ್ಲೌಡ್ ಸಂಗ್ರಹದಲ್ಲಿ ಮಾತ್ರ ಆತುರಪಡಲಿಲ್ಲ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ನಾನು ತುಂಬಿದ್ದು 21. ಚಂದಾ ನಿಲ್ಲಿಸಿ ಮಿತಿ ಮೀರಿದರೆ ಜಿಮೇಲ್‌ಗೆ ಹೊಸ ಪತ್ರಗಳು ಬರುವುದೇ ನಿಲ್ಲುತ್ತದೆ, ಕಾಲೇಜಿನ ಸೂಚನೆಗಳೆಲ್ಲ ಬರುವುದು ಅಲ್ಲಿಗೇ. ನೋಡಿದರೆ ವಾಟ್ಸ್ಆ್ಯಪ್ ಬ್ಯಾಕಪ್ ಒಂದೇ 8 ಜಿಬಿ, ಹೆಚ್ಚಿನ ಪಾಲು ಗುಂಪುಗಳಲ್ಲಿ ಬಂದ ವಿಡಿಯೋಗಳು. ಬ್ಯಾಕಪ್‌ನಿಂದ ವಿಡಿಯೋ ಹೊರಗಿಟ್ಟೆ, ಮದುವೆಯ ವಿಡಿಯೋಗಳನ್ನು ಲ್ಯಾಪ್‌ಟಾಪ್‌ಗೆ ಸಾಗಿಸಿದೆ. 13 ಜಿಬಿಗೆ ಇಳಿಯಲು ಎರಡು ವಾರ ಬೇಕಾಯಿತು. ಆಮೇಲೆ ರದ್ದು ಮಾಡಿದೆ.

ಕೊನೆಯದು ಆಗಸ್ಟ್‌ನ 599, ರೆಸ್ಯೂಮೆ ತಯಾರಿಸುವ ಜಾಲತಾಣದ್ದು. ಅದು ಯುಪಿಐನಲ್ಲೂ ಇಲ್ಲ, ಪ್ಲೇ ಸ್ಟೋರ್‌ನಲ್ಲೂ ಇಲ್ಲ. ಡೆಬಿಟ್ ಕಾರ್ಡ್ ಕೊಟ್ಟಿದ್ದೆ. ಕಾರ್ಡಿನ ಮೇಲೆ ಕೊಟ್ಟ ಒಪ್ಪಿಗೆಗಳು ಬ್ಯಾಂಕಿನ ಆ್ಯಪ್‌ನಲ್ಲಿ, ಕಾರ್ಡ್ ವಿಭಾಗದ ಒಳಗೆ e-mandate ಎಂಬ ಹೆಸರಿನಲ್ಲಿ ಇದ್ದವು. ಜಾಲತಾಣದಲ್ಲೂ ಬ್ಯಾಂಕಿನಲ್ಲೂ ಎರಡೂ ಕಡೆ ರದ್ದು ಮಾಡಿದೆ.

ಈಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾಲ್ಕು ಕಾಲಂ ಎಳೆದಿದ್ದೇನೆ: ಯಾವುದು, ಎಷ್ಟು, ಮುಂದಿನ ತಾರೀಖು, ಒಪ್ಪಿಗೆ ಎಲ್ಲಿ ಕೊಟ್ಟದ್ದು. ನಾಲ್ಕನೆಯದು ಇಲ್ಲದಿದ್ದರೆ ಉಳಿದ ಮೂರೂ ದಂಡ ಎಂದು ಆ 299 ಕಲಿಸಿದೆ.

ಶ್ರಾವಣದಲ್ಲಿ ಊರಿಗೆ ಹೋದಾಗ ಅದೇ ಹುರುಪಿನಲ್ಲಿ ಅಮ್ಮನ ಮೊಬೈಲ್ ಹಿಡಿದೆ. ಆಟೊಪೇ ಏನೂ ಇರಲಿಲ್ಲ, ಆದರೆ ಸಿಮ್‌ನ ಬ್ಯಾಲೆನ್ಸ್‌ನಿಂದ ತಿಂಗಳು ತಿಂಗಳೂ ಹಲೋ ಟ್ಯೂನ್‌ಗೆ ಹಣ ಹೋಗುತ್ತಿತ್ತು. ಇಂಥ ಸೇವೆಗಳನ್ನು ನಿಲ್ಲಿಸಲು 155223 ಎಂಬ ಸಂಖ್ಯೆ ಇದೆ. ಇನ್ನೇನು ಒತ್ತಬೇಕು, ಅಮ್ಮ ಮೊಬೈಲ್ ಕಸಿದುಕೊಂಡರು.

"ಅದು ನಾನೇ ಹಾಕಿಸಿಕೊಂಡದ್ದು. ನಿಮ್ಮ ಅತ್ತೆ ಆ ದೇವರನಾಮ ಕೇಳುವುದಕ್ಕೇ ದಿನಾ ಫೋನ್ ಮಾಡುತ್ತಾರೆ. ಸುಮ್ಮನೆ ಇಡು."